ಮುಜುಗರ ಎನ್ನಲು ಹೋಗಿ ಬಸುರಿ ಎಂದಾಗ

ವರದಿಯಲ್ಲಿ ಅಂಕಿಯೊಂದು ತಪ್ಪಿದೆ. ಸಭೆಯಲ್ಲಿ ಎಲ್ಲರೆದುರು ಅದು ಬಯಲಾಗಿದೆ. ವರದಿ ಬರೆದಾಕೆ ಆರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ತನಗೆ ತುಂಬ ಮುಜುಗರವಾಗಿದೆ ಎಂದು ಎದುರಿಗಿರುವ ಮೆಕ್ಸಿಕೋದವರಿಗೆ ಅವರದೇ ಭಾಷೆಯಲ್ಲಿ ಹೇಳೋಣವೆಂದು ಇಂಗ್ಲಿಷಿನ 'ಎಂಬ್ಯಾರಸ್ಡ್' ಪದಕ್ಕೆ ಸ್ಪ್ಯಾನಿಷ್ ಬಾಲ ಜೋಡಿಸುತ್ತಾಳೆ: 'ಎಸ್ತೊಯ್ ಮುಯ್ ಎಂಬರಸಾದಾ.' ಕೇಳಿದವರ ಕಿವಿಗೆ ಬೀಳುವುದು 'ನಾನು ತುಂಬು ಬಸುರಿ' ಎಂಬ ಮಾತು.

ಅಲ್ಲಿಗೆ ನಿಲ್ಲಿಸಿದರೆ ಒಂದು ನಗುವಿನಲ್ಲಿ ಮುಗಿಯುತ್ತದೆ. ಹೆಚ್ಚಿನವರು ಕಾರಣವನ್ನೂ ಸೇರಿಸಲು ಹೋಗುತ್ತಾರೆ. 'ಮ್ಯಾನೇಜರ್ ದೆಸೆಯಿಂದ ನನಗೆ ಮುಜುಗರವಾಯಿತು' ಎನ್ನಬೇಕಾದಲ್ಲಿ ಮ್ಯಾನೇಜರನ ಹಿಂದೆ 'ಪೊರ್' ಹಾಕುತ್ತಾರೆ. ಸ್ಪ್ಯಾನಿಷಿನ ಈ 'ಪೊರ್'ಗೆ 'ಕಾರಣದಿಂದ' ಎಂಬ ಅರ್ಥವೂ ಇದೆ, 'ಅವರಿಂದ' ಎಂಬ ಅರ್ಥವೂ ಇದೆ. ಆಗ ವಾಕ್ಯ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಹೇಳುವವನು ಗಂಡಸಾದರೆ 'ಎಂಬರಸಾದೊ' ಎನ್ನುತ್ತಾನೆ. ಗಂಡಸು ಬಸುರಾಗುವುದಿಲ್ಲವಾದ್ದರಿಂದ ಅಲ್ಲಿದ್ದವರಿಗೆ ತಪ್ಪು ತಕ್ಷಣ ಹೊಳೆಯುತ್ತದೆ. ಹೆಂಗಸಾದರೆ ಹಾಗಲ್ಲ. ಆಕೆ ಹೇಳಿದ್ದು ನಂಬಲರ್ಹವಾದ ಮಾತು. ಕೆಲವರು ಅಭಿನಂದಿಸುತ್ತಾರೆ, ಇನ್ನು ಕೆಲವರು ಸಭೆ ಮುಗಿದ ಮೇಲೆ ಎಚ್‌ಆರ್‌ಗೆ ತಿಳಿಸುತ್ತಾರೆ. ಸ್ಪೇನಿನಲ್ಲಿ ಇದು ಹಗುರವಾದ ಸುದ್ದಿಯೂ ಅಲ್ಲ: ಗರ್ಭಿಣಿಯನ್ನು ಕೆಲಸದಿಂದ ತೆಗೆದರೆ, ಗರ್ಭಕ್ಕೆ ಸಂಬಂಧವಿಲ್ಲದ ತಕ್ಕ ಕಾರಣವನ್ನು ಮಾಲೀಕ ಸಾಬೀತುಪಡಿಸದಿದ್ದರೆ, ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಆ ವಜಾ ಅಸಿಂಧು. ಕಾನೂನಿನ ಭಾರವಿರುವ ಮಾತನ್ನು ಆಕೆ ತನಗರಿವಿಲ್ಲದೆ ಹತ್ತು ಜನರ ಮುಂದೆ ಆಡಿರುತ್ತಾಳೆ.

ಎರಡು ಭಾಷೆಗಳಲ್ಲಿ ಒಂದೇ ರೂಪವಿದ್ದು ಅರ್ಥ ಬೇರೆಯಾದ ಇಂಥ ಪದಗಳನ್ನು ಸ್ಪ್ಯಾನಿಷಿನಲ್ಲಿ 'ಫಾಲ್ಸೊಸ್ ಅಮೀಗೊಸ್' ಎನ್ನುತ್ತಾರೆ, ಹುಸಿ ಗೆಳೆಯರು ಎಂದು. ಹೆಸರು ಬಂದದ್ದು ಫ್ರೆಂಚಿನಿಂದ. 1928ರಲ್ಲಿ ಕೋಸ್ಲರ್ ಮತ್ತು ದೆರೊಕಿಞಿ ಎಂಬ ಇಬ್ಬರು ಇಂಗ್ಲಿಷ್ ಪದಗಳು ಫ್ರೆಂಚರನ್ನು ಹೇಗೆ ಮೋಸಗೊಳಿಸುತ್ತವೆ ಎಂದು ಬರೆದ ಪುಸ್ತಕದ ಹೆಸರಿನಲ್ಲೇ ಅದು ಇತ್ತು.

ನಮಗೆ ಇದು ಹೊಸತಲ್ಲ. ಹಿಂದಿಯ 'ಶಿಕ್ಷಾ' ವಿದ್ಯೆ, ಕನ್ನಡದ 'ಶಿಕ್ಷೆ' ದಂಡನೆ. ಹಿಂದಿಯವರ 'ಅವಸರ್' ಸಿಕ್ಕ ಅವಕಾಶ, ನಮ್ಮ 'ಅವಸರ' ಗಡಿಬಿಡಿ. ಅವರ 'ಉಪನ್ಯಾಸ್' ಕಾದಂಬರಿ, ನಮ್ಮ 'ಉಪನ್ಯಾಸ' ಮೇಷ್ಟ್ರು ಮಾಡುವ ಭಾಷಣ. ಒಂದೇ ಸಂಸ್ಕೃತದ ಕಣಜದಿಂದ ಎರಡೂ ಮನೆಯವರು ಕಾಳು ತಂದರು, ಆಮೇಲೆ ಬೇರೆಬೇರೆ ಅಡಿಗೆ ಮಾಡಿಕೊಂಡರು. ಸ್ಪ್ಯಾನಿಷ್ ಮತ್ತು ಇಂಗ್ಲಿಷಿಗೆ ಆ ಕಣಜ ಲ್ಯಾಟಿನ್. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳೇ. ಇಂಗ್ಲಿಷ್ ಬೇರೆ ಕುಲದ್ದಾದರೂ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕವೂ, ನಂತರ ನೇರವಾಗಿ ಪುಸ್ತಕಗಳ ಮೂಲಕವೂ ಲ್ಯಾಟಿನ್ ಪದಗಳನ್ನು ರಾಶಿರಾಶಿಯಾಗಿ ತುಂಬಿಕೊಂಡಿತು. ಹಾಗಾಗಿ ಇಂಗ್ಲಿಷಿನ ಕಚೇರಿ ಪದ ಯಾವುದನ್ನೇ ಎತ್ತಿಕೊಂಡರೂ ಸ್ಪ್ಯಾನಿಷಿನಲ್ಲಿ ಅದರ ಮುಖವೇ ಇರುವ ಇನ್ನೊಂದು ಪದ ಸಿಗುವುದು ಹೆಚ್ಚು. ಬಹುಪಾಲು ಸಲ ಅರ್ಥವೂ ಒಂದೇ. ಹತ್ತು ಸಲ ನಂಬಿ ಗೆದ್ದವರು ಹನ್ನೊಂದನೆಯ ಸಲವೂ ನಂಬುತ್ತಾರೆ, ಹುಸಿ ಗೆಳೆಯ ಕಾದಿರುವುದು ಅಲ್ಲಿ.

'ಎಂಬರಸಾದಾ'ದ ಹಿಂದಿನ ಕಥೆ ತಿಳಿದರೆ ಇದು ಮನಸ್ಸಿನಲ್ಲಿ ನಿಲ್ಲುತ್ತದೆ. ಸ್ಪ್ಯಾನಿಷಿನ 'ಎಂಬರಸಾರ್' ಕ್ರಿಯಾಪದಕ್ಕೆ ಮೂಲದಲ್ಲಿ ತಡೆ, ತೊಡರು ಎಂಬ ಅರ್ಥವಿತ್ತು. ಅದು ಪೋರ್ಚುಗೀಸ್ ಕಡೆಯಿಂದ ಬಂದದ್ದು, ಅಲ್ಲಿ ಹಗ್ಗಕ್ಕೆ 'ಬರಾಸು' ಎನ್ನುವುದೇ ಅದರ ಬೇರು ಎನ್ನುವುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಹಗ್ಗ ಸುತ್ತಿಕೊಂಡು ಹೆಜ್ಜೆ ಎತ್ತಲಾಗದ ಸ್ಥಿತಿ. ಸ್ಪ್ಯಾನಿಷರು ಅದನ್ನು ಹೊಟ್ಟೆ ಹೊತ್ತು ಓಡಾಡಲು ಕಷ್ಟಪಡುವ ಹೆಂಗಸಿಗೆ ಅನ್ವಯಿಸಿದರು. ಅದೇ ಮುಖ್ಯ ಅರ್ಥವಾಗಿ ಉಳಿಯಿತು. ಪದ ಫ್ರೆಂಚಿನ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗುವಾಗಲೂ 'ತಡೆ'ಯೇ ಆಗಿತ್ತು, ಮನಸ್ಸಿಗೆ ತೊಡರುವ ತಡೆ ಎಂಬ ಅರ್ಥ ನಂತರ ಮೇಲೆ ಬಂತು. ನಾವು 'ಇಕ್ಕಟ್ಟಿನ ಓಣಿ' ಎನ್ನುತ್ತೇವೆ, 'ಇಕ್ಕಟ್ಟಿಗೆ ಸಿಕ್ಕಿಕೊಂಡೆ' ಎಂದೂ ಎನ್ನುತ್ತೇವಲ್ಲ, ಅದೇ ನಡೆ. ಒಂದು ಹಗ್ಗ ಒಂದು ಭಾಷೆಯಲ್ಲಿ ಹೊಟ್ಟೆಗೆ ಸುತ್ತಿತು, ಇನ್ನೊಂದರಲ್ಲಿ ಮನಸ್ಸಿಗೆ.

ಇಲ್ಲೊಂದು ಸಿಕ್ಕು ಇದೆ. ಹಳೆಯ ಅರ್ಥ ಸ್ಪ್ಯಾನಿಷಿನಲ್ಲಿ ಸತ್ತಿಲ್ಲ. 'ಎಂಬರಸೋಸೊ' ಎಂದರೆ ಇವತ್ತಿಗೂ ಮುಜುಗರ ತರುವಂಥದ್ದು. ಮುಜುಗರದ ಪರಿಸ್ಥಿತಿಗೆ 'ಸಿತುವಾಸಿಯೋನ್ ಎಂಬರಸೋಸಾ' ಎಂದರೆ ಅದು ಸರಿಯಾದ, ಶಿಷ್ಟವಾದ ಸ್ಪ್ಯಾನಿಷ್. ಪರಿಸ್ಥಿತಿಗೆ ಹೇಳಬಹುದಾದದ್ದನ್ನು ಮನುಷ್ಯರಿಗೆ ಹೇಳುವಂತಿಲ್ಲ. ಎರಡು ಕಾಲಂ ಮಾಡಿ 'ಇದು ಹುಸಿ, ಇದು ಅಸಲಿ' ಎಂದು ಪಟ್ಟಿ ಉರುಹೊಡೆದವರು ಎಡವುವುದು ಇಂಥ ಕಡೆ, ಏಕೆಂದರೆ ಹುಸಿ ಗೆಳೆಯರಲ್ಲಿ ಹಲವರು ಪೂರ್ತಿ ಹುಸಿಯಲ್ಲ.

ಎಂಬರಸಾದಾದಂಥ ನಗೆಪಾಟಲಿನ ಜೋಡಿಗಳು ಇನ್ನೂ ಇವೆ. ಹೊಸ ಪ್ರಾಜೆಕ್ಟ್ ಸಿಕ್ಕ ಉತ್ಸಾಹದಲ್ಲಿ 'ಎಕ್ಸಿತಾದೊ' ಎಂದರೆ ಕಾಮೋದ್ರೇಕದ ಮಾತಾಗಿ ಕೇಳಿಸುತ್ತದೆ, ಹೇಳಬೇಕಾದ್ದು 'ಎಮೊಸಿಯೊನಾದೊ'. ನಮ್ಮ ಉಪ್ಪಿನಕಾಯಿಗೆ ಪ್ರಿಸರ್ವೇಟಿವ್ ಹಾಕುವುದಿಲ್ಲ ಎನ್ನಲು 'ಪ್ರೆಸೆರ್ವಾತೀವೊ' ಎಂದರೆ ಕಾಂಡೋಮ್ ಹಾಕುವುದಿಲ್ಲ ಎಂದಾಗುತ್ತದೆ. ಅದಕ್ಕೆ ಸ್ಪೇನಿನಲ್ಲಿ 'ಕೊನ್ಸೆರ್ವಾಂತೆ' ಎನ್ನುತ್ತಾರೆ. ಎದುರು ದಿಕ್ಕಿನಲ್ಲೂ ಹೀಗೇ: ಸ್ಪ್ಯಾನಿಷಿನ 'ಮೊಲೆಸ್ತಾರ್' ಎಂದರೆ ತೊಂದರೆ ಕೊಡುವುದಷ್ಟೇ, ಹೋಟೆಲ್ ಬಾಗಿಲಿಗೆ ತೂಗುಹಾಕುವ 'ತೊಂದರೆ ಕೊಡಬೇಡಿ' ಫಲಕದಲ್ಲಿರುವ ಪದ ಅದು. ಸ್ಪ್ಯಾನಿಷರೊಬ್ಬರು 'ನಿಮಗೆ ಮತ್ತೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ' ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋಗಿ 'ಮೊಲೆಸ್ಟ್' ಹಾಕಿದರೆ ಓದಿದವರು ಬೆಚ್ಚಿಬೀಳುತ್ತಾರೆ.

ಆದರೆ ಈ ಗುಂಪಿನ ಪದಗಳಿಗೆ ನಾನು ಹೆದರುವುದಿಲ್ಲ. ಇವು ತಪ್ಪಿದಾಗ ಹೆಚ್ಚಿನ ಸಲ ವಾಕ್ಯ ಅಸಂಬದ್ಧವಾಗುತ್ತದೆ, ಯಾರೋ ಒಬ್ಬರು ನಗುತ್ತಾರೆ ಅಥವಾ ಹುಬ್ಬೇರಿಸುತ್ತಾರೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹೆದರಬೇಕಾದದ್ದು ಸದ್ದು ಮಾಡದ ಪದಗಳಿಗೆ. ಹೇಳಿದವರ ಅರ್ಥದಲ್ಲೂ ವಾಕ್ಯ ಸರಿ, ಕೇಳಿದವರ ಅರ್ಥದಲ್ಲೂ ವಾಕ್ಯ ಸರಿ. ಇಬ್ಬರೂ ತಲೆಯಾಡಿಸಿ ಏಳುತ್ತಾರೆ, ಎರಡು ಬೇರೆ ತಿಳಿವಳಿಕೆ ಹೊತ್ತುಕೊಂಡು. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಮೆಕ್ಸಿಕೋ, ಕೊಲಂಬಿಯಾ, ಸ್ಪೇನಿನ ತಂಡಗಳ ಜೊತೆ ಕೆಲಸ ಮಾಡುವ ನಮ್ಮವರಿಗೆ ಬರುವ ತೊಂದರೆ ಇದೇ. ನಮಗೆ ಸ್ಪ್ಯಾನಿಷ್ ಗೊತ್ತಿಲ್ಲ, ಅವರು ನಮಗೆ ಬರೆಯುವುದು ಇಂಗ್ಲಿಷಿನಲ್ಲಿ, ಅದು ಶುದ್ಧ ಇಂಗ್ಲಿಷಿನಂತೆಯೇ ಕಾಣುತ್ತದೆ. ಆದರೆ ಪದಗಳ ಒಳಗೆ ಕೂತಿರುವ ಅರ್ಥ ಸ್ಪ್ಯಾನಿಷಿನದು.

ಒಂದು ಮೇಲ್ ಕಲ್ಪಿಸಿಕೊಳ್ಳೋಣ. ಗ್ವಾದಲಹಾರಾದಿಂದ ಬೆಂಗಳೂರಿನ ಟೀಮ್ ಲೀಡ್‌ಗೆ ಬಂದದ್ದು, ಇಂಗ್ಲಿಷಿನಲ್ಲಿದೆ. ನಾಲ್ಕು ಪದಗಳನ್ನು ಮಾತ್ರ ಇದ್ದಂತೆ ಇಟ್ಟು ಉಳಿದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ:

'ಆಕ್ಚುಯಲಿ ನಮ್ಮಲ್ಲಿ ಮೂವರು ಟೆಸ್ಟರ್‌ಗಳಿದ್ದಾರೆ. ಎವೆಂಚುಯಲಿ ಶನಿವಾರ ನಿಮ್ಮ ತಂಡ ಬೇಕಾಗುತ್ತದೆ. ಗ್ರಾಹಕರ ಜೊತೆ ನಮ್ಮ ಕಾಂಪ್ರಮೈಸ್ 15ನೇ ತಾರೀಖು. ಗುರುವಾರದ ಸಭೆಗೆ ನಮ್ಮ ಡೈರೆಕ್ಟರ್ ಅಸಿಸ್ಟ್ ಮಾಡುತ್ತಾರೆ.'

ವ್ಯಾಕರಣ ಸ್ವಲ್ಪ ಆಚೀಚೆ ಇದ್ದರೂ ಅರ್ಥವಾಯಿತು ಎಂದುಕೊಂಡು ಲೀಡ್ ಮುಂದೆ ಹೋಗುತ್ತಾರೆ. ಈಗ ಒಂದೊಂದೇ ಸಾಲು ನೋಡೋಣ.

ಇಂಗ್ಲಿಷಿನಲ್ಲಿ 'ಆಕ್ಚುಯಲಿ' ಎಂದರೆ 'ನೀವು ತಿಳಿದದ್ದು ಹಾಗಲ್ಲ, ನಿಜದಲ್ಲಿ ಹೀಗೆ'. ನಮ್ಮ ಮಾತಿನಲ್ಲಂತೂ ಅದು ಉಸಿರಿನಷ್ಟೇ ಸಲೀಸು, ಕಿವಿ ಅದನ್ನು ಗಮನಿಸುವುದೇ ಇಲ್ಲ. ಲೀಡ್‌ನ ಶೀಟಿನಲ್ಲಿ ಐವರು ಟೆಸ್ಟರ್‌ಗಳೆಂದು ಇತ್ತು. ಗ್ವಾದಲಹಾರಾದವರು ತಮ್ಮ ಲೆಕ್ಕ ತಿದ್ದುತ್ತಿದ್ದಾರೆ ಎಂದು ಭಾವಿಸಿ ಲೀಡ್ ಐದನ್ನು ಮೂರು ಮಾಡುತ್ತಾರೆ, ಟೆಸ್ಟಿಂಗಿನ ದಿನಗಳನ್ನು ಹಿಗ್ಗಿಸುತ್ತಾರೆ. ಆದರೆ ಸ್ಪ್ಯಾನಿಷಿನ 'ಆಕ್ತುವಾಲ್ಮೆಂತೆ' ಎಂದರೆ 'ಸದ್ಯಕ್ಕೆ' ಎಂದಷ್ಟೇ. ಬರೆದವರ ಮನಸ್ಸಿನಲ್ಲಿದ್ದದ್ದು: ಇವತ್ತಿನ ಮಟ್ಟಿಗೆ ಮೂವರು, ರಜೆಯಲ್ಲಿರುವ ಇಬ್ಬರು ಸೋಮವಾರ ಬರುತ್ತಾರೆ. ಈ ಪದದಲ್ಲಿ ಹೊರಗುಳಿದದ್ದು ಇಂಗ್ಲಿಷೇ. ಫ್ರೆಂಚಿನಲ್ಲೂ ಜರ್ಮನ್ನಿನಲ್ಲೂ ಇದರ ನೆಂಟ ಪದಗಳು 'ಈಗಿನ' ಎಂಬ ಅರ್ಥವನ್ನೇ ಉಳಿಸಿಕೊಂಡಿವೆ. ಆದ್ದರಿಂದ ಯುರೋಪಿನ ಯಾರ ಇಂಗ್ಲಿಷ್ ಮೇಲಿನಲ್ಲಿ 'ಆಕ್ಚುಯಲಿ' ಒಂದು ಸಂಖ್ಯೆಯ ಹಿಂದೆ ಕೂತಿದ್ದರೂ, ಅಲ್ಲಿ 'ಸದ್ಯಕ್ಕೆ' ಇಟ್ಟು ಒಮ್ಮೆ ಓದುವುದು ಲೇಸು.

ಎರಡನೆಯದು 'ಎವೆಂಚುಯಲಿ'. ಇಂಗ್ಲಿಷಿನಲ್ಲಿ ಅದು ಖಚಿತ: ತಡವಾದರೂ ಆಗಿಯೇ ಆಗುತ್ತದೆ. ಸ್ಪ್ಯಾನಿಷಿನ 'ಎವೆಂತುವಾಲ್ಮೆಂತೆ' ಅನಿಶ್ಚಿತ: ಆಗಬಹುದು, ಸಂದರ್ಭ ಬಂದರೆ. ಇದೂ ಒಂದೇ ಬೇರಿನದು, ಪರಿಣಾಮ ಅಥವಾ ಸಂಭವ ಎನ್ನುವ ಲ್ಯಾಟಿನ್ ಪದ. ಸ್ಪ್ಯಾನಿಷಿನ ಅರ್ಥ ಇಂಗ್ಲಿಷಿನ ಮೂಲೆಯೊಂದರಲ್ಲಿ ಇನ್ನೂ ಉಳಿದಿದೆ. ಕಟ್ಟಡಗಳ ಲಿಫ್ಟ್ ಪಕ್ಕ 'ಇನ್ ದ ಇವೆಂಟ್ ಆಫ್ ಫೈರ್' ಎಂದು ಬರೆದಿರುತ್ತಾರೆ, ಬೆಂಕಿ ಬಿದ್ದರೆ ಎಂದು. ಬೆಂಕಿ ಬಿದ್ದೇ ಬೀಳುತ್ತದೆ ಎಂದಲ್ಲ. ಆ ಫಲಕವನ್ನು ನೆನೆದರೆ 'ಎವೆಂತುವಾಲ್ಮೆಂತೆ' ಮರೆಯುವುದಿಲ್ಲ. ಸ್ಪೇನಿನಲ್ಲಿ 'ಎವೆಂತುವಾಲ್' ಕೆಲಸಗಾರ ಎಂದರೂ ಹೆಚ್ಚುವರಿ ಕೆಲಸ ಬಿದ್ದಾಗ ತೆಗೆದುಕೊಂಡ ತಾತ್ಕಾಲಿಕ ನೌಕರ. ಮೇಲಿನ ಅರ್ಥ: ಶನಿವಾರ ನಿಮ್ಮವರು ಬೇಕಾದರೂ ಬೇಕಾಗಬಹುದು. ಬೆಂಗಳೂರಿನಲ್ಲಿ ಎಂಟು ಜನ ಊರಿಗೆ ಹೋಗುವುದನ್ನು ನಿಲ್ಲಿಸಿ ಶನಿವಾರ ಕಚೇರಿಗೆ ಬಂದು ಕೂರುತ್ತಾರೆ. ಆ ಕಡೆಯಿಂದ ಒಂದು ಕರೆಯೂ ಬರುವುದಿಲ್ಲ. ಅವರು ಹೇಳಿದ ಮಾತಿಗೆ ತಪ್ಪಿದರು ಎಂಬ ಕಹಿ ಇಲ್ಲಿ ಉಳಿಯುತ್ತದೆ. ಅವರು ಮಾತು ಕೊಟ್ಟೇ ಇರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ನಮಗೆ 'ಕಾಂಪ್ರಮೈಸ್' ಎಂದರೆ ರಾಜಿ. ಗ್ರಾಹಕರು 10 ಕೇಳಿದ್ದರು, ಇವರು 20 ಅಂದಿದ್ದರು, ಎಳೆದಾಡಿ 15ಕ್ಕೆ ಬಂದಿದ್ದಾರೆ ಎಂದು ಲೀಡ್ ಓದಿಕೊಳ್ಳುತ್ತಾರೆ. ರಾಜಿಯಾದ ದಿನಾಂಕವೆಂದರೆ ಇನ್ನೂ ಎರಡು ದಿನ ಎಳೆಯಬಹುದು ಎಂಬ ಭಾವ ತಾನಾಗಿ ಬರುತ್ತದೆ. ಸ್ಪ್ಯಾನಿಷಿನ 'ಕೊಂಪ್ರೊಮೀಸೊ' ಎಂದರೆ ಕೊಟ್ಟ ಮಾತು, ಬದ್ಧತೆ. 15 ಎಂದರೆ 15. ಗ್ರಾಹಕರಿಗೆ ವಚನ ಕೊಟ್ಟಾಗಿದೆ, ಮೀರಿದರೆ ಮಾನ ಹೋಗುತ್ತದೆ, ಕರಾರಿನಲ್ಲಿದ್ದರೆ ದಂಡವೂ ಬೀಳುತ್ತದೆ. ಎಳೆಯಬಹುದಾದ ದಿನಾಂಕ ಮತ್ತು ಕಲ್ಲಿನಲ್ಲಿ ಕೆತ್ತಿದ ದಿನಾಂಕ, ಇವೆರಡೂ ಒಂದೇ ಪದದ ಕೆಳಗೆ.

ಹೀಗೆ ಎದುರುಬದುರಾದದ್ದು ಹೇಗೆ? ರೋಮನ್ನರ ಕಾನೂನಿನಲ್ಲಿ ಜಗಳವಾಡಿದ ಇಬ್ಬರು ಪಂಚರೊಬ್ಬರನ್ನು ಆರಿಸಿ, ಅವರು ಏನೇ ತೀರ್ಪು ಕೊಟ್ಟರೂ ಒಪ್ಪುತ್ತೇವೆಂದು ಮೊದಲೇ ಪರಸ್ಪರ ಮಾತು ಕೊಡುತ್ತಿದ್ದರು. ಆ ಜೋಡಿ ವಚನಕ್ಕೆ 'ಕಂಪ್ರೊಮಿಸ್ಸುಮ್' ಎಂದು ಹೆಸರು. ನಮ್ಮ ಹಳ್ಳಿಯ ನ್ಯಾಯಪಂಚಾಯ್ತಿ ನೋಡಿದವರಿಗೆ ಈ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಸ್ಪ್ಯಾನಿಷ್ ಆ ದೃಶ್ಯದಿಂದ ವಚನವನ್ನು ಎತ್ತಿಕೊಂಡಿತು, ಇಂಗ್ಲಿಷ್ ಕೊನೆಗೆ ಆದ ಹೊಂದಾಣಿಕೆಯನ್ನು ಎತ್ತಿಕೊಂಡಿತು. ಇದೇ ಪದ ಇನ್ನೊಂದು ರೂಪದಲ್ಲೂ ಬರುತ್ತದೆ: 'ಐದು ಗಂಟೆಗೆ ನನಗೊಂದು ಕಾಂಪ್ರಮೈಸ್ ಇದೆ' ಎಂದು ಸ್ಪ್ಯಾನಿಷರು ಬರೆದರೆ, ಮೊದಲೇ ಒಪ್ಪಿಕೊಂಡ ಬೇರೆ ಕೆಲಸವಿದೆ ಎಂದರ್ಥ. ತಿರುಗಿಸಿ ನೋಡಿದರೆ ನಾವು ಬರೆಯುವುದರಲ್ಲೂ ಅಪಾಯವಿದೆ. 'ಬೆಲೆಯ ವಿಷಯದಲ್ಲಿ ಕಾಂಪ್ರಮೈಸ್‌ಗೆ ಬರೋಣ' ಎಂದು ನಾವು ಸಡಿಲವಾಗಿ ಬರೆದದ್ದು ಆ ಕಡೆ 'ಮಾತು ಕೊಟ್ಟು ಕಟ್ಟಿಕೊಳ್ಳೋಣ' ಎಂದು ಬಿಗಿಯಾಗಿ ಕೇಳಿಸಬಹುದು.

ನಾಲ್ಕನೆಯ ಸಾಲಿನ 'ಅಸಿಸ್ಟ್' ಸಣ್ಣದು. 'ಅಸಿಸ್ತೀರ್' ಎಂದರೆ ಸಭೆಗೆ ಹಾಜರಾಗುವುದು. ಡೈರೆಕ್ಟರ್ ಬಂದು ಕೂರುತ್ತಾರೆ ಅಷ್ಟೇ, ಪ್ರೆಸೆಂಟೇಷನ್ ಮಾಡಲು ಕೈಜೋಡಿಸುತ್ತಾರೆಂದು ಸ್ಲೈಡುಗಳನ್ನು ಅವರಿಗಾಗಿ ಬಿಟ್ಟುಕೊಡಬೇಡಿ. ಅದಲುಬದಲಾಗಿ, 'ಅತೆಂದೇರ್' ಎಂದರೆ ವಿಚಾರಿಸಿಕೊಳ್ಳುವುದು. ಟಿಕೆಟನ್ನು 'ಅಟೆಂಡ್' ಮಾಡಿ ಎಂದರೆ ಅದನ್ನು ಕೈಗೆತ್ತಿಕೊಂಡು ಬಗೆಹರಿಸಿ ಎಂದು. ನಾವು ಕನ್ನಡಿಗರೂ 'ಫೋನ್ ಅಟೆಂಡ್ ಮಾಡಿದೆ' ಎನ್ನುವವರಾದ್ದರಿಂದ ಇಲ್ಲಿ ನಮಗೆ ಕಷ್ಟವಾಗುವುದಿಲ್ಲ.

ಆ ಒಂದು ಮೇಲಿನಿಂದ ಲೀಡ್ ಪಡೆದದ್ದು: ಆಳುಗಳ ಲೆಕ್ಕ ತಪ್ಪು, ಶನಿವಾರ ದಂಡ, ಗಡುವು ಮಾತ್ರ ಸಡಿಲ ಎಂಬ ಭ್ರಮೆ. ಮೇಲ್ ಬರೆದವರು ಯಾವ ಸುಳ್ಳೂ ಹೇಳಿಲ್ಲ, ಓದಿದವರು ಅಜಾಗರೂಕರೂ ಅಲ್ಲ.

ಇದೇ ಮೌನದ ತಪ್ಪು ಆಸ್ಪತ್ರೆಯಲ್ಲಿ ನಡೆದರೆ ಏನಾಗುತ್ತದೆಂಬುದಕ್ಕೆ ದಾಖಲಾದ ಒಂದು ಪ್ರಕರಣವಿದೆ. ಕೆಲಸದ ಜಾಗದ ಹುಸಿ ಗೆಳೆಯರ ಬಗ್ಗೆ ಮಾತಾಡುವವರು ಇದನ್ನು ಬಿಡಬಾರದು ಎಂದು ನನ್ನ ಭಾವನೆ. 1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾದ ಮೂಲದವರು. ಅವನು 'ಇಂತೊಕ್ಸಿಕಾದೊ' ಆಗಿದ್ದಾನೆ ಎಂದು ಹೇಳಿದರು. ಅವರ ಮಾತಿನಲ್ಲಿ ಅದಕ್ಕೆ ಅರ್ಥ, ತಿಂದದ್ದೋ ಕುಡಿದದ್ದೋ ಒಗ್ಗದೆ ಕಾಯಿಲೆ ಬಿದ್ದಿದ್ದಾನೆ ಎಂದು. ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದದ್ದೇ ಕಾರಣವಿರಬೇಕೆಂದು ಅವರ ಊಹೆ. ಇಂಗ್ಲಿಷ್ ಕಿವಿಗೆ ಅದು 'ಇಂಟಾಕ್ಸಿಕೇಟೆಡ್', ಅಂದರೆ ಅಮಲೇರಿದವನು. ಮಾದಕ ವಸ್ತುವನ್ನು ಮಿತಿಮೀರಿ ತೆಗೆದುಕೊಂಡಿದ್ದಾನೆ ಎಂದು ವೈದ್ಯರು ಚಿಕಿತ್ಸೆ ಶುರುಮಾಡಿದರು. ಹುಡುಗನಿಗೆ ಆಗಿದ್ದದ್ದು ಮಿದುಳಿನೊಳಗಿನ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಅವನ ಕೈಕಾಲು ನಾಲ್ಕೂ ಶಾಶ್ವತವಾಗಿ ಸ್ವಾಧೀನ ತಪ್ಪಿದವು. ನಂತರದ ದಾವೆಯಲ್ಲಿ ಅವನ ಜೀವಮಾನದ ಆರೈಕೆಗೆಂದು ಸುಮಾರು 7.1 ಕೋಟಿ ಡಾಲರ್ ಪರಿಹಾರ ಒಪ್ಪಂದವಾಯಿತು.

ಈ ಪ್ರಕರಣದಲ್ಲಿ ನನ್ನನ್ನು ಕಾಡುವ ಅಂಶ ಇದು: ವೃತ್ತಿಪರ ದುಭಾಷಿಯನ್ನು ಯಾರೂ ಕರೆಸಲಿಲ್ಲ, ಏಕೆಂದರೆ ಯಾರಿಗೂ ಕರೆಸಬೇಕು ಎನಿಸಲಿಲ್ಲ. ಎರಡೂ ಕಡೆಯವರಿಗೆ ಮಾತು ತಿಳಿಯಿತು ಎನಿಸಿತ್ತು. ಅರ್ಥವಾಗದ ಪದ ಕಿವಿಗೆ ಬಿದ್ದಿದ್ದರೆ 'ಏನಂದಿರಿ?' ಎಂಬ ಪ್ರಶ್ನೆ ಬರುತ್ತಿತ್ತು. ಅರ್ಥವಾಯಿತು ಎನಿಸಿದ ಪದಕ್ಕೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಣದ ಕಡೆಗೆ ಬಂದರೆ ಒಂದೇ ಪದವನ್ನು ನೆನಪಿಟ್ಟುಕೊಂಡರೆ ಸಾಕು, ಬಿಲಿಯನ್. ಇಂಗ್ಲಿಷಿನ ಬಿಲಿಯನ್ ಈಗ ನೂರು ಕೋಟಿ. ಬರವಣಿಗೆಯಲ್ಲಿ ಅದರಂತೆಯೇ ಕಾಣುವ ಸ್ಪ್ಯಾನಿಷಿನ 'ಬಿಯೋನ್' ಲಕ್ಷ ಕೋಟಿ. ಸಾವಿರ ಪಟ್ಟು ವ್ಯತ್ಯಾಸ. ನೂರು ಕೋಟಿಗೆ ಸ್ಪ್ಯಾನಿಷರು 'ಮಿಲ್ ಮಿಯೋನೆಸ್', ಸಾವಿರ ಮಿಲಿಯನ್ ಎನ್ನುತ್ತಾರೆ. ವೆನೆಜುವೆಲಾದ ಅಧ್ಯಕ್ಷ ರಫಾಯೆಲ್ ಕಾಲ್ದೆರಾ ಅವರ ಸಲಹೆಯಂತೆ 1995ರಲ್ಲಿ ಸ್ಪ್ಯಾನಿಷ್ ಭಾಷಾ ಅಕಾಡೆಮಿ 'ಮಿಯಾರ್ದೊ' ಎಂಬ ಒಂಟಿಪದವನ್ನೂ ಒಪ್ಪಿಕೊಂಡಿತು, ಆದರೆ ಜನರ ಬಾಯಿಗೆ ಅದು ಅಷ್ಟಾಗಿ ಹತ್ತಿಲ್ಲ. ಮೊತ್ತವನ್ನು ಪದದಲ್ಲಿ ಬರೆಯದೆ ಸೊನ್ನೆಗಳ ಸಮೇತ ಅಂಕಿಯಲ್ಲಿ ಬರೆಯುವುದೇ ಇದಕ್ಕಿರುವ ಮದ್ದು. ಲಕ್ಷ, ಕೋಟಿಯಲ್ಲಿ ಎಣಿಸಿ ಮಿಲಿಯನ್ನಿಗೆ ಬದಲಾಯಿಸುವ ನಮಗೆ ಈ ಅಭ್ಯಾಸ ಹೇಗೂ ಬೇಕಾದದ್ದೇ.

ಹಾಗಾದರೆ ಸ್ಪ್ಯಾನಿಷ್ ಬಾರದವರು ಇಂಥ ಪದವನ್ನು ಹಿಡಿಯುವುದು ಹೇಗೆ? ಪಟ್ಟಿಗಳು ನೂರಾರು ಪದಗಳ ತನಕ ಹೋಗುತ್ತವೆ, ಅಷ್ಟು ಬೇಡ. ಕೆಲಸದಲ್ಲಿ ನಷ್ಟ ತರುವುದು ಮೂರು ವಿಷಯಗಳಲ್ಲಿ: ಯಾವಾಗ, ಎಷ್ಟು ಖಚಿತ, ಯಾರ ಹೊಣೆ. ಇವುಗಳನ್ನು ಹೇಳುವ ವಾಕ್ಯದಲ್ಲಿ ಉದ್ದನೆಯ ಲ್ಯಾಟಿನ್ ಮೈಕಟ್ಟಿನ ಪದವೊಂದೇ ಆಧಾರವಾಗಿದ್ದರೆ ಅಲ್ಲಿ ನಿಲ್ಲಿ. ಆ ಪದವನ್ನು ಬಿಟ್ಟು ವಾಕ್ಯ ಓದಿ. ಮೇಲಿನ ಉದಾಹರಣೆಯಲ್ಲಿ 'ಶನಿವಾರ ನಿಮ್ಮ ತಂಡ ಬೇಕಾಗುತ್ತದೆ' ಎಂದಷ್ಟೇ ಇದ್ದಿದ್ದರೆ ಯಾವ ಸಮಸ್ಯೆಯೂ ಇರಲಿಲ್ಲ. ಬರೆದವರು 'ಎವೆಂಚುಯಲಿ' ಎಂದು ಏಕೆ ಸೇರಿಸಿದರು? ಇಂಗ್ಲಿಷಿನ 'ಕೊನೆಗೂ' ಎಂಬ ಅರ್ಥ ಒಂದು ಗೊತ್ತಾದ ಶನಿವಾರಕ್ಕೆ ಹೊಂದುವುದೇ ಇಲ್ಲ. ಆ ಸಣ್ಣ ಎಡವಟ್ಟೇ ಸುಳಿವು. ಹಾಗೆಯೇ 'ಕಾಂಪ್ರಮೈಸ್'. ರಾಜಿ ಎಂದಮೇಲೆ ಎರಡು ಪಕ್ಷ, ಎರಡು ಬೇಡಿಕೆ ಇರಬೇಕು. ಮೇಲಿನಲ್ಲಿ ಎಲ್ಲೂ ಎರಡನೆಯ ಬೇಡಿಕೆಯ ಪ್ರಸ್ತಾಪವಿಲ್ಲದಿದ್ದರೆ ಅದು ರಾಜಿಯಲ್ಲ, ವಚನ.

ಕೇಳಿ ಖಚಿತಪಡಿಸಿಕೊಳ್ಳುವಾಗ ಅದೇ ಪದವನ್ನು ಹಿಂದಿರುಗಿಸಬೇಡಿ. '15 ನಿಮ್ಮ ಕಾಂಪ್ರಮೈಸ್ ಅಲ್ಲವೇ?' ಎಂದು ಕೇಳಿದರೆ ಅವರು ಹೌದು ಎನ್ನುತ್ತಾರೆ, ನೀವಿಬ್ಬರೂ ಇದ್ದಲ್ಲೇ ಇರುತ್ತೀರಿ. '17ಕ್ಕೆ ಕೊಟ್ಟರೆ ಏನಾಗುತ್ತದೆ?' ಎಂದು ಕೇಳಿ. 'ಶನಿವಾರ ನಾವು ಬರುವುದು ಬೇಡವೆಂದು ತೀರ್ಮಾನವಾಗುವ ಸಾಧ್ಯತೆ ಇದೆಯೇ, ಇದ್ದರೆ ಶುಕ್ರವಾರ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ?' ಎಂದು ಕೇಳಿ. 'ಮುಂದಿನ ಸೋಮವಾರ ಎಷ್ಟು ಟೆಸ್ಟರ್‌ಗಳಿರುತ್ತಾರೆ?' ಎಂದು ಕೇಳಿ. ಇವಕ್ಕೆ ಬರುವ ಉತ್ತರ ದಿನಾಂಕ, ಗಂಟೆ, ಸಂಖ್ಯೆಯ ರೂಪದಲ್ಲಿರುತ್ತದೆ. ಅವುಗಳಲ್ಲಿ ಹುಸಿ ಗೆಳೆಯರಿಗೆ ಜಾಗವಿಲ್ಲ. ಒಂದು ಎಚ್ಚರಿಕೆ: ಎದುರಿನವರ ಇಂಗ್ಲಿಷನ್ನು ತಿದ್ದುವ ದನಿ ಬರಬಾರದು. ತಪ್ಪು ಅವರೊಬ್ಬರದ್ದಲ್ಲ, ನೀವು ಅವರ ಭಾಷೆಯಲ್ಲಿ ಬರೆಯಬೇಕಾಗಿ ಬಂದಿದ್ದರೆ ಅದೇ ಪದಗಳಲ್ಲಿ ನೀವೂ ಬೀಳುತ್ತಿದ್ದಿರಿ.

ನೀವು ಬರೆಯುವಾಗಲಂತೂ ಹಾದಿ ಸುಲಭ. 'ಆಕ್ಚುಯಲಿ' ಬದಲು 'ಇನ್ ಫ್ಯಾಕ್ಟ್' ಅಥವಾ 'ಕರೆಂಟ್ಲಿ', ಯಾವುದು ಬೇಕೋ ಅದು. 'ಎವೆಂಚುಯಲಿ' ಬದಲು 'ಇನ್ ದ ಎಂಡ್' ಅಥವಾ 'ಇಫ್ ನೀಡೆಡ್'. 'ಕಾಂಪ್ರಮೈಸ್' ಬದಲು, ರಾಜಿಯಾದರೆ 'ಮಿಡ್ಲ್ ಗ್ರೌಂಡ್', ವಚನವಾದರೆ 'ಕಮಿಟ್‌ಮೆಂಟ್'. ಇಷ್ಟು ಬದಲಿಸಿದರೆ ಕಚೇರಿಯ ಗೊಂದಲಗಳಲ್ಲಿ ದೊಡ್ಡ ಪಾಲು ಹುಟ್ಟುವ ಮೊದಲೇ ಇಲ್ಲವಾಗುತ್ತದೆ.

ಈ ವಿದ್ಯೆಗೊಂದು ಮಿತಿ ಇದೆ, ಅದು ಎಲ್ಲ ಕಡೆಯ ಸ್ಪ್ಯಾನಿಷ್ ಒಂದೇ ಅಲ್ಲ ಎಂಬುದು. ಸ್ಪೇನಿನಲ್ಲಿ 'ಕೊನ್ಸ್ತಿಪಾದೊ' ಎಂದರೆ ನೆಗಡಿಯಾಗಿದೆ ಎಂದು. ರಜೆಯ ಮೇಲಿನಲ್ಲಿ ಅದನ್ನು ಮಲಬದ್ಧತೆ ಎಂದು ಓದಿ ಇರಿಸುಮುರಿಸಾಗಬೇಕಿಲ್ಲ. ಆದರೆ ಲ್ಯಾಟಿನ್ ಅಮೆರಿಕದ ಕೆಲವು ಕಡೆ ಅದೇ ಪದ ನಿಜಕ್ಕೂ ಮಲಬದ್ಧತೆಯೇ. ಅಮೆರಿಕದ ನೆರಳಿನಲ್ಲಿ ಬೆಳೆದ ಸ್ಪ್ಯಾನಿಷ್ ಮಾತಿಗರಲ್ಲಿ ಹಲವರು 'ಎವೆಂತುವಾಲ್ಮೆಂತೆ'ಯನ್ನು ಇಂಗ್ಲಿಷಿನಂತೆ 'ಕೊನೆಗೂ' ಎಂಬ ಅರ್ಥದಲ್ಲೇ ಬಳಸುತ್ತಾರೆ. ಇನ್ನು ಒಳ್ಳೆಯ ಇಂಗ್ಲಿಷ್ ಬಲ್ಲ ಮೆಕ್ಸಿಕನ್ ಸಹೋದ್ಯೋಗಿ 'ಆಕ್ಚುಯಲಿ' ಎಂದಾಗ ಆಕ್ಚುಯಲಿಯನ್ನೇ ಹೇಳಿರುತ್ತಾರೆ. ಅಲ್ಲಿ ಅತಿಜಾಣರಾಗಿ 'ಸದ್ಯಕ್ಕೆ' ಎಂದು ಓದಿದರೆ ತಪ್ಪು ನಿಮ್ಮದಾಗುತ್ತದೆ. ಅದಕ್ಕೇ ಊಹಿಸುವುದಕ್ಕಿಂತ ಕೇಳುವುದು ಮೇಲು.

ಮೊದಲಿನ ಆ ಸಭೆಗೆ ಮರಳೋಣ. ಎಂಬರಸಾದಾ ಅಲ್ಲವಾದರೆ ಮುಜುಗರಕ್ಕೆ ಏನನ್ನಬೇಕು? ಸ್ಪೇನಿನಲ್ಲಿ 'ಕೆ ವೆರ್ಗ್ವೆನ್ಸಾ' ಎಂದರೆ 'ಅಯ್ಯೋ, ಎಂಥ ನಾಚಿಕೆಗೇಡು' ಎಂದಂತೆ. ಮೆಕ್ಸಿಕೋ, ಕೊಲಂಬಿಯಾದ ಕಡೆ 'ಕೆ ಪೇನಾ' ಎನ್ನುತ್ತಾರೆ, ಅದು ಇನ್ನೂ ಮೃದು, 'ನನಗೆ ಮುಜುಗರವಾಯಿತು, ಕ್ಷಮಿಸಿ' ಎಂಬ ಧಾಟಿ. ಇದೇ 'ಕೆ ಪೇನಾ'ವನ್ನು ಮಾಡ್ರಿಡ್‌ನಲ್ಲಿ ಹೇಳಿದರೆ 'ಅಯ್ಯೋ ಪಾಪ, ಎಂಥ ದುಃಖ' ಎಂದಾಗುತ್ತದೆ. ತಪ್ಪು ಅಂಕಿ ಬರೆದ ನೀವೇ ವರದಿಯನ್ನು ನೋಡಿ ಮರುಗಿದಂತೆ ಕೇಳಿಸುತ್ತದೆ. ಎದುರಿಗಿರುವವರು ಎಲ್ಲಿಯವರೆಂದು ಗೊತ್ತಿಲ್ಲದಿದ್ದರೆ 'ಲೊ ಸಿಯೆಂತೊ ಮುಚೊ' ಎನ್ನಿ. 'ತುಂಬ ವಿಷಾದವಿದೆ' ಎಂದರ್ಥ, ಯಾವ ದೇಶದಲ್ಲೂ ಅದು ಬಸುರಿನ ಮಾತಾಗುವುದಿಲ್ಲ.